ಆಂಜಿಯೋಗ್ರಾಂ ಒಪ್ಪಿಗೆ ಪತ್ರವನ್ನು ತಮಿಳಿಗೆ ತರುವುದು: ಹೆದರಿದ ರೋಗಿಗೆ ಅರ್ಥವಾಗಬೇಕಾದರೆ

ಕೃಷ್ಣಗಿರಿ ಕಡೆಯ ಒಬ್ಬ ಮಾವಿನ ತೋಟದ ರೈತರನ್ನು ಊಹಿಸಿಕೊಳ್ಳಿ. ವಯಸ್ಸು 58. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದಾರೆ. ಇತ್ತೀಚೆಗೆ ದಿಬ್ಬ ಹತ್ತುವಾಗ ಎದೆ ಹಿಡಿದಂತಾಗುತ್ತದೆ. ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ಅನುಮಾನ ಕಂಡು ವೈದ್ಯರು ಆಂಜಿಯೋಗ್ರಾಂ ಮಾಡಿಸಲು ಹೇಳಿದ್ದಾರೆ. ಹೊಟ್ಟೆ ಖಾಲಿ, ಮೈಮೇಲೆ ಆಸ್ಪತ್ರೆಯ ಗೌನು, ಕೈಯಲ್ಲಿ ತಮಿಳಿನಲ್ಲಿ ಅಚ್ಚಾದ ಎರಡು ಪುಟ. ಪಕ್ಕದಲ್ಲಿ ಕೂತ ಮಗಳು ಓದಿ ಹೇಳುತ್ತಿದ್ದಾಳೆ. ಮೊದಲ ಪುಟ ಮುಗಿಯುವಷ್ಟರಲ್ಲಿ ಅವರಿಗೆ ಒಂದೇ ಒಂದು ಮಾತು ಸ್ಪಷ್ಟವಾಗಿ ಕೇಳಿಸಿರುತ್ತದೆ: ಮರಣಂ.

ಆ ಪುಟದಲ್ಲಿ ಸುಳ್ಳೇನೂ ಇರುವುದಿಲ್ಲ. ಇಂಗ್ಲಿಷ್ ಮೂಲದಲ್ಲಿ ಇದ್ದದ್ದೆಲ್ಲ ತಮಿಳಿನಲ್ಲೂ ಇರುತ್ತದೆ. ಆದರೂ ಅದನ್ನು ಕೇಳಿದ ರೋಗಿಗೆ ಏನು ಮಾಡುತ್ತಾರೆ, ಏಕೆ ಮಾಡುತ್ತಾರೆ, ಅಪಾಯ ಎಷ್ಟು, ಬೇಡ ಎನ್ನಬಹುದೇ ಎಂಬ ಯಾವ ಪ್ರಶ್ನೆಗೂ ಉತ್ತರ ಸಿಕ್ಕಿರುವುದಿಲ್ಲ. ಚೆನ್ನೈ, ವೆಲ್ಲೂರು, ಮಧುರೈಗಳ ಆಸ್ಪತ್ರೆಗಳಿಗೆ ಇದು ದಿನನಿತ್ಯದ ಪ್ರಶ್ನೆ. ಹೊಸೂರು, ಕೃಷ್ಣಗಿರಿ, ಧರ್ಮಪುರಿಗಳ ರೋಗಿಗಳು ಬರುವುದರಿಂದ ಬೆಂಗಳೂರಿನ ಆಸ್ಪತ್ರೆಗಳಿಗೂ ಹಾಗೆಯೇ.

ಮೊದಲು ಪರೀಕ್ಷೆಯನ್ನೇ ತಿಳಿದುಕೊಳ್ಳೋಣ. ಮಣಿಕಟ್ಟಿನ ಅಥವಾ ತೊಡೆಸಂದಿನ ರಕ್ತನಾಳದ ಮೇಲಿನ ಚರ್ಮಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಅಲ್ಲಿಂದ ಸಣ್ಣ ಕೊಳವೆಯೊಂದನ್ನು ಹೃದಯದ ರಕ್ತನಾಳಗಳ ಬಾಯಿಯ ತನಕ ಒಯ್ಯುತ್ತಾರೆ. ಅದರ ಮೂಲಕ ಎಕ್ಸ್‌ರೇಯಲ್ಲಿ ಕಾಣುವಂಥ ಔಷಧಿ ಬಿಡುತ್ತಾರೆ. ರಕ್ತ ಎಲ್ಲಿ ಸರಾಗವಾಗಿ ಹರಿಯುತ್ತಿದೆ, ಎಲ್ಲಿ ಕಟ್ಟಿಕೊಂಡಿದೆ ಎಂಬುದು ತೆರೆಯ ಮೇಲೆ ಕಾಣುತ್ತದೆ. ರೋಗಿ ಎಚ್ಚರವಾಗಿಯೇ ಇರುತ್ತಾರೆ. ಸಾಮಾನ್ಯವಾಗಿ ಅರ್ಧ ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಮುಖ್ಯವಾದದ್ದು ಇದು: ಆಂಜಿಯೋಗ್ರಾಂ ನೋಡುವ ಪರೀಕ್ಷೆ ಮಾತ್ರ, ಕಟ್ಟಿಕೊಂಡದ್ದನ್ನು ಅದು ಬಿಡಿಸುವುದಿಲ್ಲ. ಬಿಡಿಸುವುದು ಆಂಜಿಯೋಪ್ಲಾಸ್ಟಿ, ಅಂದರೆ ಬಲೂನು ಉಬ್ಬಿಸಿ ಸ್ಟೆಂಟ್ ಕೂರಿಸುವುದು. ಎರಡಕ್ಕೂ ಒಂದೇ ಕೋಣೆ, ಒಂದೇ ಮೇಜು, ಒಂದೇ ರೀತಿಯ ಕೊಳವೆ. ರೋಗಿಗಳಿಗೆ ಈ ಎರಡೂ ಒಂದೇ ಎನಿಸುವುದು ಅದಕ್ಕೇ.

ಈಗ ತಮಿಳಿನ ವಿಷಯ. ತಮಿಳಿನಲ್ಲಿ ಬರೆಯುವ ಭಾಷೆಗೂ ಆಡುವ ಭಾಷೆಗೂ ಇರುವ ಅಂತರ ಕನ್ನಡದಲ್ಲಿ ಇರುವುದಕ್ಕಿಂತ ಬಹಳ ದೊಡ್ಡದು. ಪತ್ರಿಕೆ, ಪಠ್ಯಪುಸ್ತಕ, ಸರ್ಕಾರಿ ಆದೇಶಗಳ ತಮಿಳನ್ನು ಮನೆಯಲ್ಲಿ ಯಾರೂ ಆಡುವುದಿಲ್ಲ. ಆಡುಮಾತನ್ನು ಅರ್ಜಿಯಲ್ಲಿ ಯಾರೂ ಬರೆಯುವುದಿಲ್ಲ. ಬರೆದರೆ ಲಘುವಾಗಿ ಕಾಣುತ್ತದೆ. ಹೀಗಾಗಿ ಒಪ್ಪಿಗೆ ಪತ್ರವನ್ನು ಬರಹದ ತಮಿಳಿನಲ್ಲಿಯೇ ಬರೆಯಬೇಕು. ಆದರೆ ಓದಿ ಹೇಳಿದಾಗ ಮಧ್ಯೆ ನಿಂತು ವಿವರಿಸಬೇಕಾಗದಷ್ಟು ಅದು ಆಡುಮಾತಿಗೆ ಹತ್ತಿರವಿರಬೇಕು. ಪತ್ರವನ್ನು ಬಹುಪಾಲು ರೋಗಿಗಳು ಕಣ್ಣಿನಿಂದ ಓದುವುದಿಲ್ಲ, ಕಿವಿಯಿಂದ ಕೇಳುತ್ತಾರೆ. ಬೆಂಗಳೂರಿನಲ್ಲಂತೂ ಮನೆಯಲ್ಲಿ ತಮಿಳು ಆಡುತ್ತ, ಶಾಲೆಯಲ್ಲಿ ಕನ್ನಡ ಅಥವಾ ಇಂಗ್ಲಿಷ್ ಕಲಿತು, ತಮಿಳು ಲಿಪಿಯನ್ನೇ ಓದಲಾಗದವರು ಅನೇಕರಿದ್ದಾರೆ. ಅವರ ಪಾಲಿಗೆ ಪತ್ರವೆಂದರೆ ನರ್ಸಿನ ದನಿ.

ಈ ದೃಷ್ಟಿಯಿಂದ ನೋಡಿದರೆ ಪಾರಿಭಾಷಿಕ ಪದಗಳ ಪ್ರಶ್ನೆ ಬಹುಮಟ್ಟಿಗೆ ತಾನಾಗಿಯೇ ಬಗೆಹರಿಯುತ್ತದೆ. ಆಂಜಿಯೋ, ಸ್ಟೆಂಟ್, ಕಿಡ್ನಿ, ಎಕ್ಸ್‌ರೇ ಇವನ್ನು ತಮಿಳರು ಹಾಗೆಯೇ ಹೇಳುತ್ತಾರೆ, ಹಾಗೆಯೇ ಬರೆಯಿರಿ. ನಾಳ ಕಟ್ಟಿಕೊಂಡಿರುವುದಕ್ಕೆ ಅಡೈಪ್ಪು, ರಕ್ತನಾಳಕ್ಕೆ ರತ್ತಕ್ಕುಳಾಯ್, ಹೃದಯಾಘಾತಕ್ಕೆ ಮಾರಡೈಪ್ಪು ಇವು ಎಲ್ಲರ ಬಾಯಲ್ಲೂ ಇರುವ ತಮಿಳು, ಅವನ್ನು ಬಳಸಿ. ತೊಂದರೆ ಬರುವುದು ನಿಘಂಟು ನೋಡಿ ಕಟ್ಟಿದ ಪದಗಳಿಂದ. ಎಕ್ಸ್‌ರೇಯಲ್ಲಿ ಕಾಣುವ ಆ ಔಷಧಿಯ ‘ಕಾಂಟ್ರಾಸ್ಟ್ ಮೀಡಿಯಂ’ ಎಂಬ ಇಂಗ್ಲಿಷ್ ಹೆಸರನ್ನು ಪದಕ್ಕೆ ಪದ ಇಳಿಸಿದರೆ ‘ಮಾರುಪಟ್ಟ ಊಡಗಂ’ ಎಂದಾಗುತ್ತದೆ. ಊಡಗಂ ಅಂದರೆ ಜನರಿಗೆ ಗೊತ್ತಿರುವುದು ಪತ್ರಿಕೆ, ಟಿವಿ. ‘ಎಕ್ಸ್‌ರೇಯಿಲ್ ತೆರಿಯುಂ ಮರುಂದು’, ಅಂದರೆ ಎಕ್ಸ್‌ರೇಯಲ್ಲಿ ಕಾಣುವ ಔಷಧಿ ಎಂದರೆ ಮುಗಿಯಿತು. ಇನ್ನೊಂದು ತಪ್ಪು ಇದಕ್ಕಿಂತ ಗಂಭೀರ. ಮರಗಟ್ಟಿಸುವ ಇಂಜೆಕ್ಷನ್ನಿಗೆ ‘ಮಯಕ್ಕ ಮರುಂದು’ ಎಂದು ಬರೆದುಬಿಡುತ್ತಾರೆ. ಮಯಕ್ಕಂ ಅಂದರೆ ಎಚ್ಚರ ತಪ್ಪುವುದು. ನನ್ನನ್ನು ಪೂರ್ತಿ ಮಲಗಿಸಿಬಿಡುತ್ತಾರೆ, ಮತ್ತೆ ಏಳುತ್ತೇನೋ ಇಲ್ಲವೋ ಎಂಬ ಭಯ ಅಲ್ಲಿಂದ ಹುಟ್ಟುತ್ತದೆ. ‘ಮರತ್ತುಪ್ಪೋಗುಂ ಊಸಿ’ ಎಂದು ಬರೆದು, ನೀವು ಎಚ್ಚರವಾಗಿಯೇ ಇರುತ್ತೀರಿ, ವೈದ್ಯರೊಡನೆ ಮಾತಾಡಬಹುದು ಎಂಬ ವಾಕ್ಯವನ್ನು ಅದರ ಬೆನ್ನಿಗೇ ಸೇರಿಸಬೇಕು.

ಇಷ್ಟಾದರೂ ಪದಗಳು ಸುಲಭದ ಭಾಗ. ರೋಗಿಯ ಎದೆ ನಡುಗಿಸುವುದು ವಾಕ್ಯದ ಕಟ್ಟಡ. ಇಂಗ್ಲಿಷ್ ಪತ್ರಗಳಲ್ಲಿ ಅಪಾಯದ ವಾಕ್ಯ ‘ನನಗೆ ಅರ್ಥವಾಗಿದೆ’ ಎಂದು ಶುರುವಾಗುತ್ತದೆ, ಆಮೇಲೆ ‘ಸಣ್ಣ ಸಾಧ್ಯತೆ’ ಎಂಬ ಮಾತು, ಅದರ ಹಿಂದೆ ಅಪಾಯಗಳ ಪಟ್ಟಿ. ಕೇಳುಗನಿಗೆ ಮೊದಲೇ ಒಂದು ಚೌಕಟ್ಟು ಸಿಕ್ಕಿರುತ್ತದೆ. ತಮಿಳಿನಲ್ಲಿ, ಕನ್ನಡದಂತೆಯೇ, ಕ್ರಿಯಾಪದ ಕೊನೆಗೆ ಬರುತ್ತದೆ. ಅದೇ ವಾಕ್ಯ ತಮಿಳಿನಲ್ಲಿ ಹೀಗಾಗುತ್ತದೆ: ‘ಇಚ್ಚೆಯಲ್ಮುರೈಯಿನ್ ಪೋದು ಇರತ್ತಕ್ಕಸಿವು, ಮಾರಡೈಪ್ಪು, ಪಕ್ಕವಾದಂ, ಸಿರುನೀರಗಚ್ ಚೆಯಲಿಳಪ್ಪು ಮಟ್ರುಂ ಮರಣಂ ಏರ್ಪಡಕ್ಕೂಡುಂ ಎನ್ಬದೈ ನಾನ್ ಪುರಿಂದುಕೊಂಡೇನ್.’ ರಕ್ತಸ್ರಾವ, ಹೃದಯಾಘಾತ, ಪಾರ್ಶ್ವವಾಯು, ಮೂತ್ರಪಿಂಡ ವೈಫಲ್ಯ, ಸಾವು, ಇವೆಲ್ಲ ಒಂದರ ಮೇಲೊಂದು ಬಿದ್ದ ಮೇಲೆ ‘ಆಗಬಹುದು’ ಬರುತ್ತದೆ. ಅದೂ ಆದಮೇಲೆ ‘ಎಂದು ಅರ್ಥಮಾಡಿಕೊಂಡಿದ್ದೇನೆ’. ‘ಸಣ್ಣ’ ಎಂಬುದು ದಾರಿಯಲ್ಲೆಲ್ಲೋ ಉದುರಿಹೋಗಿದೆ. ಅಚ್ಚಾಗುವ ಆತುರದಲ್ಲಿ ‘ಏರ್ಪಡಕ್ಕೂಡುಂ’ ಎಂಬುದು ‘ಏರ್ಪಡುಂ’ ಆಗಿಬಿಟ್ಟರೆ ಇನ್ನೂ ಕಷ್ಟ, ಏಕೆಂದರೆ ಅದರ ಅರ್ಥ ‘ಆಗುತ್ತದೆ’.

ಇದನ್ನು ಸರಿಪಡಿಸಲು ಅಪಾಯವನ್ನು ಮುಚ್ಚಿಡಬೇಕಿಲ್ಲ, ವಾಕ್ಯವನ್ನು ಒಡೆಯಬೇಕು. ಮೊದಲು ಸಾಮಾನ್ಯವಾಗಿ ಆಗುವುದು, ಆಮೇಲೆ ಅಪರೂಪಕ್ಕೆ ಆಗುವುದು, ಒಂದೊಂದಕ್ಕೂ ಅದರದೇ ವಾಕ್ಯ, ಅದರದೇ ಅಳತೆ. ಕೊಳವೆ ಹಾಕಿದ ಜಾಗದಲ್ಲಿ ಕಂದಿ ಊದಿಕೊಳ್ಳುವುದು ಸಾಮಾನ್ಯ, ಕೆಲವು ದಿನಗಳಲ್ಲಿ ಹೋಗುತ್ತದೆ. ಹೃದಯಾಘಾತ, ಪಾರ್ಶ್ವವಾಯು, ಸಾವು ಇವು ಒಂದೊಂದೂ ಸ್ಥೂಲವಾಗಿ ಸಾವಿರಕ್ಕೆ ಒಂದರ ಆಸುಪಾಸು ಅಥವಾ ಅದಕ್ಕೂ ಕಡಿಮೆ. ವಯಸ್ಸಾದವರಲ್ಲಿ, ಹೃದಯ ತೀರಾ ದುರ್ಬಲವಾಗಿರುವವರಲ್ಲಿ ಹೆಚ್ಚು. ತಮಿಳಿನಲ್ಲಿ ಇದನ್ನು ಹೀಗೆ ಬರೆಯಬಹುದು: ‘ಪೆರುಂಬಾಲಾನವರ್ಗಳುಕ್ಕು ಇಂದಪ್ ಪರಿಸೋದನೈ ಪಿರಚ್ಚನೈ ಇಲ್ಲಾಮಲ್ ಮುಡಿಗಿರದು. ಆಯಿರಂ ಪೇರುಕ್ಕು ಇದೈಚ್ ಚೆಯ್ದಾಲ್, ಸುಮಾರ್ ಒರುವರುಕ್ಕು ಮಾರಡೈಪ್ಪು ವರಲಾಂ.’ ಹೆಚ್ಚಿನವರಿಗೆ ಈ ಪರೀಕ್ಷೆ ತೊಂದರೆಯಿಲ್ಲದೆ ಮುಗಿಯುತ್ತದೆ. ಸಾವಿರ ಜನಕ್ಕೆ ಮಾಡಿದರೆ ಸುಮಾರು ಒಬ್ಬರಿಗೆ ಹೃದಯಾಘಾತ ಬರಬಹುದು. ಪಾರ್ಶ್ವವಾಯುವಿಗೆ, ಸಾವಿಗೆ ಹೀಗೇ ಬೇರೆ ಬೇರೆ ವಾಕ್ಯ. ಶೇಕಡಾ 0.1 ಎಂದು ಬರೆದರೆ ಬಹಳ ಜನರಿಗೆ ಅದು ಸಂಖ್ಯೆಯಾಗಿಯೇ ಉಳಿಯುತ್ತದೆ. ‘ಆಯಿರಂ ಪೇರಿಲ್ ಒರುವರ್’ ಎಂದರೆ ಊರ ಜಾತ್ರೆಯ ಜನಸಂದಣಿ ಕಣ್ಣಿಗೆ ಕಟ್ಟುತ್ತದೆ. ಕೆಳಗಿನ ಸಂಖ್ಯೆ ಎಲ್ಲ ಕಡೆಯೂ ಸಾವಿರವೇ ಆಗಿರಬೇಕು. ಒಂದು ಕಡೆ ನೂರಕ್ಕೆ ಒಂದು, ಇನ್ನೊಂದು ಕಡೆ ಸಾವಿರಕ್ಕೆ ಒಂದು ಎಂದು ಬರೆದರೆ ದೊಡ್ಡ ಸಂಖ್ಯೆ ಕೇಳಿದವರು ಅದೇ ದೊಡ್ಡ ಅಪಾಯ ಎಂದುಕೊಳ್ಳುವುದು ಉಂಟು.

ಸಂಖ್ಯೆಗಳನ್ನು ಕೊಡಬೇಕಾದವರು ವೈದ್ಯರು. ಇಂಗ್ಲಿಷ್ ಮೂಲದಲ್ಲಿ ಅಳತೆಯೇ ಇಲ್ಲದೆ ಬರೀ ಪಟ್ಟಿ ಇದ್ದರೆ ಅನುವಾದಕರು ಊಹೆ ಮಾಡಿ ತುಂಬಬಾರದು, ಹೃದ್ರೋಗ ವಿಭಾಗವನ್ನು ಕೇಳಿ ಬರೆಸಿಕೊಳ್ಳಬೇಕು. ನಮ್ಮ ಕೃಷ್ಣಗಿರಿಯ ರೈತರಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಆ ಎಕ್ಸ್‌ರೇ ಔಷಧಿಯಿಂದ ಕಿಡ್ನಿಗೆ ತೊಂದರೆಯಾಗುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು. ಅದಕ್ಕೆ ಅಚ್ಚಾದ ಪತ್ರದಲ್ಲಿ ಉತ್ತರವಿರಲಾರದು. ‘ಉಂಗಳುಕ್ಕು ಮಟ್ಟುಂ’, ನಿಮಗೆ ಮಾತ್ರ ಎಂಬ ತಲೆಬರಹದ ಕೆಳಗೆ ವೈದ್ಯರು ಕೈಯಲ್ಲಿ ಬರೆಯಲು ನಾಲ್ಕು ಸಾಲು ಖಾಲಿ ಬಿಡುವುದು ಸರಿಯಾದ ದಾರಿ.

ಹೆದರುವವರಿಗೆ ಅಪಾಯವನ್ನು ಹೇಳದೇ ಇದ್ದರೆ ಆಗದೇ ಎಂದು ಕೆಲವರು ಕೇಳುತ್ತಾರೆ. ಈ ಬಗ್ಗೆ ನಮ್ಮಲ್ಲಿ ಸ್ಪಷ್ಟ ತೀರ್ಪು ಇದೆ. 2008ರ ಜನವರಿಯಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ರೋಗಿಗೆ ಚಿಕಿತ್ಸೆಯ ಸ್ವರೂಪ, ಉದ್ದೇಶ, ಬದಲಿ ದಾರಿಗಳು, ಗಣನೀಯ ಅಪಾಯಗಳು, ಚಿಕಿತ್ಸೆ ಬೇಡವೆಂದರೆ ಆಗುವ ಪರಿಣಾಮ ಇವನ್ನು ತಿಳಿಸಬೇಕು ಎಂದಿತು. ರೋಗಿಯನ್ನು ಹೆದರಿಸಿ, ಗೊಂದಲಗೊಳಿಸಿ, ಅಗತ್ಯ ಚಿಕಿತ್ಸೆಯಿಂದಲೇ ಹಿಂದೆ ಸರಿಯುವಂತೆ ಮಾಡಬಹುದಾದ ತೀರಾ ದೂರದ, ಬರೀ ಪುಸ್ತಕದ ಅಪಾಯಗಳನ್ನು ಹೇಳಬೇಕಿಲ್ಲ ಎಂದೂ ಅದೇ ತೀರ್ಪಿನಲ್ಲಿದೆ. ಯಾವುದು ಗಣನೀಯ, ಯಾವುದು ದೂರದ್ದು ಎಂದು ತೀರ್ಮಾನಿಸುವುದು ವೈದ್ಯರ ಜವಾಬ್ದಾರಿ. ಕರುಣೆಯಿಂದಲೇ ಆದರೂ ಅನುವಾದಕರು ‘ಮರಣಂ’ ತೆಗೆದುಹಾಕುವಂತಿಲ್ಲ.

ಅದೇ ಪ್ರಕರಣ ಆಂಜಿಯೋಗ್ರಾಂ ಪತ್ರದ ಅತ್ಯಂತ ಅಪಾಯಕಾರಿ ಸಾಲಿಗೂ ಬೆಳಕು ಬೀರುತ್ತದೆ. ಆ ರೋಗಿ ಒಪ್ಪಿದ್ದು ಹೊಟ್ಟೆಯೊಳಗೆ ನೋಡುವ ಲ್ಯಾಪ್ರೋಸ್ಕೋಪಿ ಪರೀಕ್ಷೆಗೆ. ಅವರು ಅರಿವಳಿಕೆಯಲ್ಲಿ ಇದ್ದಾಗ ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯಗಳನ್ನು ತೆಗೆದರು. ತುರ್ತು ಇಲ್ಲದಿರುವಾಗ ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಸಲ್ಲದು, ತನ್ನ ತೀರ್ಮಾನ ತಾನು ಮಾಡಬಲ್ಲ ವಯಸ್ಕರ ಪರವಾಗಿ ತಾಯಿ ಕೊಟ್ಟ ಒಪ್ಪಿಗೆಯೂ ಸಲ್ಲದು ಎಂದು ಕೋರ್ಟ್ ಹೇಳಿತು. ಈಗ ಆಂಜಿಯೋಗ್ರಾಂ ಪತ್ರದ ಕೊನೆಯ ಪ್ಯಾರಾದಲ್ಲಿ ಕಾಣಬರುವ ಈ ಸಾಲನ್ನು ನೋಡಿ: ‘ತೇವೈಪ್ಪಟ್ಟಾಲ್ ಮೇಲ್ ಸಿಗಿಚ್ಚೈಕ್ಕುಂ ಸಮ್ಮದಿಕ್ಕಿರೇನ್.’ ಅಗತ್ಯಬಿದ್ದರೆ ಮುಂದಿನ ಚಿಕಿತ್ಸೆಗೂ ಒಪ್ಪುತ್ತೇನೆ. ಬರೆದವರ ಮನಸ್ಸಿನಲ್ಲಿ ಇರುವುದು ಅದೇ ಮೇಜಿನ ಮೇಲೆ, ಅದೇ ಹೊತ್ತಿನಲ್ಲಿ ಸ್ಟೆಂಟ್ ಕೂರಿಸುವುದು. ಕೇಳಿದವರಿಗೆ ಹೊಳೆಯುವುದು ಮುಂದೊಂದು ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕಾಗಬಹುದು ಎಂಬುದು. ಆರು ಪದಗಳೂ ಇಲ್ಲದ ಈ ಸಾಲಿನ ಮೇಲೆ ದೊಡ್ಡ ಖರ್ಚು ನಿಂತಿದೆ, ದೇಹದಲ್ಲಿ ಶಾಶ್ವತವಾಗಿ ಉಳಿಯುವ ಲೋಹದ ಜಾಲರಿ ನಿಂತಿದೆ, ರಕ್ತ ಹೆಪ್ಪುಗಟ್ಟದಂತೆ ತಿಂಗಳುಗಟ್ಟಲೆ ತಪ್ಪದೆ ನುಂಗಬೇಕಾದ ಎರಡು ಬಗೆಯ ಮಾತ್ರೆಗಳು ನಿಂತಿವೆ.

ಹೃದಯಾಘಾತ ಆಗುತ್ತಿರುವಾಗ ಬಂದ ರೋಗಿಯ ಮಾತು ಬೇರೆ. ಅಲ್ಲಿ ಕೂಡಲೇ ನಾಳ ತೆರೆಯುವುದು ಜೀವ ಉಳಿಸುತ್ತದೆ, ಕಾಗದದ ಹೆಸರಿನಲ್ಲಿ ತಡಮಾಡಬಾರದು. ನಮ್ಮ ರೈತರದು ಹಾಗಲ್ಲ, ಶ್ರಮಪಟ್ಟಾಗ ಮಾತ್ರ ಬರುವ ಸ್ಥಿರವಾದ ನೋವು. ಇಂಥವರಲ್ಲಿ ಒಳ್ಳೆಯ ಔಷಧಿಯ ಜೊತೆಗೆ ಸ್ಟೆಂಟನ್ನೂ ಹಾಕಿದರೆ ಎದೆನೋವು ಕಡಿಮೆಯಾಗುತ್ತದೆ. ಆದರೆ ಅದರಿಂದ ಆಯಸ್ಸೂ ಹೆಚ್ಚುತ್ತದೆ ಎಂದು 2007ರಲ್ಲಿ ಪ್ರಕಟವಾದ ಕರೇಜ್ ಅಧ್ಯಯನದಲ್ಲೂ 2020ರಲ್ಲಿ ಪ್ರಕಟವಾದ ಇಸ್ಕೀಮಿಯಾ ಅಧ್ಯಯನದಲ್ಲೂ ಕಂಡುಬರಲಿಲ್ಲ. ಎಡಭಾಗದ ಮುಖ್ಯ ನಾಳವೇ ಕಟ್ಟಿದ್ದರೆ ಲೆಕ್ಕ ಬೇರೆ, ಆಗ ಬೈಪಾಸ್ ಮಾತು ಬರಬಹುದು. ಅಂದರೆ ಔಷಧಿ, ಸ್ಟೆಂಟ್, ಬೈಪಾಸ್ ಮೂರೂ ಅವರ ಮುಂದಿರುವ ನಿಜವಾದ ದಾರಿಗಳು. ಮೇಜಿನ ಮೇಲೆ ಮಲಗಿಕೊಂಡು, ಕೈಯಲ್ಲಿ ಕೊಳವೆ ಇಟ್ಟುಕೊಂಡು ಇದನ್ನು ಯೋಚಿಸಲು ಆಗುವುದಿಲ್ಲ.

ಆದ್ದರಿಂದ ಆ ಸಾಲನ್ನು ಅನುವಾದಿಸುವ ಮೊದಲೇ ಆಸ್ಪತ್ರೆಗೆ ಹಿಂದಿರುಗಿಸಿ ಕೇಳಬೇಕು: ಇದರಲ್ಲಿ ಯಾವ ಚಿಕಿತ್ಸೆ ಸೇರಿದೆ? ಉತ್ತರ ಬಂದಮೇಲೆ ಎರಡು ಪ್ರತ್ಯೇಕ ಚೌಕಗಳು. ಮೊದಲನೆಯದು, ಇವತ್ತು ಆಂಜಿಯೋಗ್ರಾಂ ಮಾತ್ರ ಮಾಡಿ, ಚಿತ್ರ ನೋಡಿದ ಮೇಲೆ ಹೊರಗೆ ಕೂತು ಮಾತಾಡೋಣ. ಎರಡನೆಯದು, ಸ್ಟೆಂಟ್ ಹಾಕಬಹುದಾದಂಥ ಅಡೈಪ್ಪು ಕಂಡರೆ ಅದೇ ಹೊತ್ತಿಗೆ ಹಾಕಿ. ಎರಡನೆಯದರಿಂದ ಮತ್ತೊಮ್ಮೆ ಕೊಳವೆ ಹಾಕುವುದು ತಪ್ಪುತ್ತದೆ ಎಂಬ ಅನುಕೂಲವನ್ನೂ ಯೋಚಿಸಲು ಸಮಯ ಸಿಗುವುದಿಲ್ಲ ಎಂಬ ಅನಾನುಕೂಲವನ್ನೂ ಪಕ್ಕದಲ್ಲೇ ಬರೆಯಬೇಕು. ಒಂದೊಂದು ಚೌಕಕ್ಕೂ ಬೇರೆ ಸಹಿ. ಮೂಲದಲ್ಲಿ ‘ಯಾವ ಪರಿಣಾಮಕ್ಕೂ ಆಸ್ಪತ್ರೆ ಹೊಣೆಯಲ್ಲ’ ಎಂಬ ಸಾಲು ಇದ್ದರೆ ಅದನ್ನೂ ಇದೇ ಸಲ ಎತ್ತಿ ತೋರಿಸಿ. ಸಹಿ ಹಾಕಿಸಿಕೊಂಡ ಮಾತ್ರಕ್ಕೆ ನಿರ್ಲಕ್ಷ್ಯದ ಹೊಣೆ ಕಳಚಿಹೋಗುವುದಿಲ್ಲ. ರೋಗಿಯ ನಂಬಿಕೆಯನ್ನು ಮಾತ್ರ ಆ ಸಾಲು ಖಂಡಿತ ಕೆಡಿಸುತ್ತದೆ.

ಕನ್ನಡದವರು ತಮಿಳಿಗೆ ತರುವಾಗ ಎಡವುವ ಜಾಗ ಇನ್ನೊಂದಿದೆ. ನಮ್ಮಲ್ಲಿ ‘ನಾವು’ ಒಂದೇ. ತಮಿಳಿನಲ್ಲಿ ಎರಡು: ಕೇಳುವವರನ್ನೂ ಸೇರಿಸಿಕೊಂಡರೆ ‘ನಾಂ’, ಅವರನ್ನು ಬಿಟ್ಟರೆ ‘ನಾಂಗಳ್’. ಕನ್ನಡದ ಕಿವಿಗೆ ‘ನಾಂ’ ಹತ್ತಿರವಾದದ್ದರಿಂದ ಕೈ ಅದನ್ನೇ ಬರೆಯುತ್ತದೆ. ‘ನಾಂ ಊಸಿ ಪೋಡುವೋಂ’ ಎಂದರೆ ಇಂಜೆಕ್ಷನ್ ಕೊಡುವುದರಲ್ಲಿ ರೋಗಿಯೂ ಸೇರಿದಂತಾಯಿತು. ಕೊಳವೆ ಹಾಕುವುದು, ಔಷಧಿ ಬಿಡುವುದು, ನಿಗಾ ಇಡುವುದು ಎಲ್ಲ ‘ನಾಂಗಳ್’. ಆದರೆ ಚಿತ್ರ ನೋಡಿದ ಮೇಲೆ ಮುಂದೇನು ಎಂಬಲ್ಲಿ ‘ನಾಂ’ ಬರಬೇಕು: ‘ನಾಂ ಸೇರ್ಂದು ಪೇಸಿ ಮುಡಿವು ಸೆಯ್ಯಲಾಂ.’ ನೀವೂ ನಾವೂ ಸೇರಿ ಮಾತಾಡಿ ತೀರ್ಮಾನಿಸೋಣ. ಅಲ್ಲಿ ‘ನಾಂಗಳ್’ ಬರೆದರೆ ವೈದ್ಯರು ತಮ್ಮತಮ್ಮಲ್ಲೇ ತೀರ್ಮಾನಿಸುತ್ತಾರೆ, ನಿಮ್ಮನ್ನು ಕೇಳುವುದಿಲ್ಲ ಎಂದು ಅರ್ಥ. ಮೂಲದ ಇಂಗ್ಲಿಷಿನಲ್ಲಿ ಈ ಭೇದವೇ ಇಲ್ಲದ್ದರಿಂದ ಪ್ರತಿಸಲವೂ ಅನುವಾದಕರು ನಿಂತು ಯೋಚಿಸಬೇಕು.

ಮೈಗೆ ಏನು ಅನ್ನಿಸುತ್ತದೆ ಎಂಬುದು ಇಂಗ್ಲಿಷ್ ಪತ್ರಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಎಕ್ಸ್‌ರೇ ಔಷಧಿ ಬಿಟ್ಟಾಗ ಮೈಯೆಲ್ಲ ಕೆಲವು ಕ್ಷಣ ಬಿಸಿಯಾದಂತಾಗುತ್ತದೆ, ಮೂತ್ರ ಹೋಗಿಬಿಟ್ಟಿತೇನೋ ಎಂದೂ ಅನ್ನಿಸಬಹುದು. ಮೊದಲೇ ಗೊತ್ತಿರದವರು ಅದನ್ನೇ ಹೃದಯಾಘಾತ ಎಂದುಕೊಂಡು ಗಾಬರಿಯಾಗುತ್ತಾರೆ. ಎರಡು ವಾಕ್ಯ ಸೇರಿಸಲು ವೈದ್ಯರ ಅನುಮತಿ ಕೇಳಿ, ಸಿಗುತ್ತದೆ.

ಕರಡು ಸಿದ್ಧವಾದ ಮೇಲೆ ಅದನ್ನು ಪರೀಕ್ಷಿಸುವುದು ಹೇಗೆ? ರೂಢಿಯಲ್ಲಿರುವ ದಾರಿ ಎಂದರೆ ಮೂಲವನ್ನು ನೋಡದ ಇನ್ನೊಬ್ಬರಿಂದ ತಮಿಳನ್ನು ಇಂಗ್ಲಿಷಿಗೆ ಮರಳಿ ಅನುವಾದ ಮಾಡಿಸಿ ಹೋಲಿಸುವುದು. ಬಿಟ್ಟುಹೋದ ವಾಕ್ಯ, ‘ಏರ್ಪಡುಂ’ನಂಥ ಜಾರಿದ ಕ್ರಿಯಾಪದ, ತಪ್ಪಿದ ಸಂಖ್ಯೆ ಇದರಲ್ಲಿ ಸಿಕ್ಕಿಬೀಳುತ್ತವೆ. ಆದರೆ ‘ಮಾರುಪಟ್ಟ ಊಡಗಂ’ ಸಿಕ್ಕಿಬೀಳುವುದಿಲ್ಲ. ಮರಳಿ ಅನುವಾದಿಸುವವರು ವಿದ್ಯಾವಂತರು, ಆ ಪದದ ಹಿಂದಿರುವ ಇಂಗ್ಲಿಷನ್ನು ಅವರು ಊಹಿಸಿಬಿಡುತ್ತಾರೆ, ಮೂಲಕ್ಕೆ ಸರಿಯಾಗಿ ತಾಳೆಯಾಗುತ್ತದೆ. ಪದಕ್ಕೆ ಪದ ಇಳಿಸಿದ ತಮಿಳು ಎಷ್ಟು ಕೆಟ್ಟದಾಗಿದ್ದರೆ ಈ ಹೋಲಿಕೆಯಲ್ಲಿ ಅಷ್ಟು ಚೆನ್ನಾಗಿ ತೇರ್ಗಡೆಯಾಗುತ್ತದೆ.

ಹಾಗಾಗಿ ಎರಡನೆಯ ಪರೀಕ್ಷೆ ಕಡ್ಡಾಯ. ಓದು ಬರಹ ಹೆಚ್ಚಿಲ್ಲದ, ಬೇರೆ ಬೇರೆ ಜಿಲ್ಲೆಗಳ ಕೆಲವರಿಗೆ ಪತ್ರವನ್ನು ಓದಿ ಹೇಳಿ, ಅವರ ಮಾತಿನಲ್ಲೇ ತಿರುಗಿ ಹೇಳಿಸಬೇಕು. ‘ಪುರಿಂಜುದಾ?’ ಎಂದು ಕೇಳಬಾರದು. ಅರ್ಥವಾಯಿತಾ ಎಂದರೆ ಆಸ್ಪತ್ರೆಯಲ್ಲಿ ಎಲ್ಲರೂ ಹೂಂ ಎನ್ನುತ್ತಾರೆ. ‘ಉಂಗಳುಕ್ಕು ಎನ್ನ ಸೆಯ್ಯಪ್ ಪೋರಾಂಗ, ಉಂಗ ಪೊಣ್ಣುಕ್ಕುಚ್ ಚೊಲ್ರ ಮಾದಿರಿ ಸೊಲ್ಲುಂಗ’ ಎನ್ನಬೇಕು: ನಿಮಗೆ ಏನು ಮಾಡುತ್ತಾರೆ, ನಿಮ್ಮ ಮಗಳಿಗೆ ಹೇಳುವ ಹಾಗೆ ಹೇಳಿ. ಉತ್ತರದಲ್ಲಿ ಪತ್ರ ಎಲ್ಲಿ ಸೋತಿದೆ ಎಂಬುದು ಕಾಣುತ್ತದೆ. ಎಚ್ಚರ ತಪ್ಪಿಸುತ್ತಾರೆ ಎಂದರೆ ಇಂಜೆಕ್ಷನ್ನಿನ ಭಾಗ ಸೋತಿದೆ. ಬದುಕುವುದು ಕಷ್ಟವಂತೆ ಎಂದರೆ ಅಪಾಯದ ಭಾಗ. ಎಲ್ಲಕ್ಕಿಂತ ಎಚ್ಚರದಿಂದ ಕಿವಿಗೊಡಬೇಕಾದ ಉತ್ತರ ‘ಅಡೈಪ್ಪೈ ಎಡುತ್ತುಡುವಾಂಗ’, ಕಟ್ಟಿದ್ದನ್ನು ತೆಗೆದುಬಿಡುತ್ತಾರೆ ಎಂಬುದು. ಹಾಗೆ ಹೇಳಿದವರು ಶಾಂತವಾಗಿ, ಸಂತೋಷವಾಗಿಯೇ ಸಹಿ ಹಾಕುತ್ತಾರೆ. ಆದರೆ ಅವರು ಒಪ್ಪಿರುವುದು ಬೇರೆ ಯಾವುದಕ್ಕೋ. ಆಗ ಪತ್ರದ ಮೊದಲ ಸಾಲನ್ನೇ ಬದಲಿಸಬೇಕು: ಇದು ನೋಡುವ ಪರೀಕ್ಷೆ, ಇದರಿಂದ ಅಡೈಪ್ಪು ಹೋಗುವುದಿಲ್ಲ.

ಸಹಿಯ ಜಾಗದಲ್ಲಿ ರೋಗಿಯದೇ ಸಹಿ ಅಥವಾ ಹೆಬ್ಬೆಟ್ಟು ಇರಬೇಕು. ಮಗಳು ಸಾಕ್ಷಿಯಾಗಬಹುದು, ತಂದೆಯ ಬದಲಿಗೆ ಒಪ್ಪಲಾಗದು. ಅದರ ಕೆಳಗೆ ಇನ್ನೊಂದು ಗೆರೆ, ಓದಿ ಹೇಳಿದವರ ಹೆಸರು, ಯಾವ ಭಾಷೆಯಲ್ಲಿ ಹೇಳಿದರು ಎಂಬುದು, ಅವರ ಸಹಿ. ಪುಟದ ಅಡಿಯಲ್ಲಿ ಯಾವ ದಿನಾಂಕದ ಇಂಗ್ಲಿಷ್ ಪತ್ರದ ಅನುವಾದ ಇದು ಎಂದು ಅಚ್ಚಾಗಿರಲಿ. ಇಂಗ್ಲಿಷ್ ಪತ್ರ ಬದಲಾಗಿ ತಮಿಳಿನದು ಹಳೆಯದೇ ಉಳಿದಿದ್ದರೆ ವಾರ್ಡಿನ ನರ್ಸಿಗೆ ಅದು ಗೊತ್ತಾಗುವುದು ಆ ದಿನಾಂಕ ನೋಡಿಯೇ.